ಸರ್ಕ್ಲಿಪ್ ಕೂರುವ ಗ್ರೂವ್: ಮೂರು ಅಳತೆಗಳ ಲೆಕ್ಕ

ಶಾಫ್ಟಿನ ಮೇಲೆ ಕೂತ ಬೇರಿಂಗ್, ಗೇರ್ ಅಥವಾ ಪುಲ್ಲಿ ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ, ಬಾಯಿ ತೆರೆದ ಸ್ಪ್ರಿಂಗ್ ಉಕ್ಕಿನ ಬಳೆಯೇ ಸರ್ಕ್ಲಿಪ್. ಬಾಯಿಯ ಎರಡೂ ತುದಿಗೆ ಕಿವಿಯಂತೆ ಚಾಚಿದ ಭಾಗವಿದ್ದು, ಅದರಲ್ಲಿ ಒಂದೊಂದು ಸಣ್ಣ ತೂತು ಇರುತ್ತದೆ. ಸರ್ಕ್ಲಿಪ್ ಪ್ಲೈಯರ್‌ನ ಮೊನೆಗಳನ್ನು ಆ ತೂತುಗಳಿಗಿಟ್ಟು ಬಳೆಯನ್ನು ಅಗಲಿಸಿ, ಶಾಫ್ಟಿನ ಮೇಲೆ ಜಾರಿಸಿ, ಅದಕ್ಕಾಗಿ ಕೊರೆದ ಗ್ರೂವಿಗೆ ಬಿಟ್ಟರೆ ಅದು ತಾನಾಗಿ ಬಿಗಿದುಕೊಳ್ಳುತ್ತದೆ. ಬಳೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತು. ಗ್ರೂವನ್ನು ಮಾತ್ರ ಪ್ರತಿ ಶಾಫ್ಟಿಗೂ ಲೇತಿನಲ್ಲಿ ಕೊರೆಯಲೇಬೇಕು. ಸರ್ಕ್ಲಿಪ್ ಹಿಡಿಯುವುದೋ ಹಾರಿಹೋಗುವುದೋ ಎಂಬುದು ಹೆಚ್ಚಿನ ಮಟ್ಟಿಗೆ ಈ ಗ್ರೂವಿನ ವ್ಯಾಸ, ಅಗಲ, ಆಳಗಳಲ್ಲೇ ತೀರ್ಮಾನವಾಗುತ್ತದೆ.

ಶಾಫ್ಟಿಗೆ ಹಾಕುವ ಸರ್ಕ್ಲಿಪ್‌ಗಳ ಅಳತೆಗಳನ್ನು ಜರ್ಮನಿಯ ಡಿಐಎನ್ 471 ಮಾನಕ ಪಟ್ಟಿ ಮಾಡಿದೆ. ಭಾರತದಲ್ಲಿ ಇದೇ ವಿಷಯಕ್ಕೆ ಐಎಸ್ 3075 ಇದೆ. ತಯಾರಕರ ಕ್ಯಾಟಲಾಗ್‌ಗಳಲ್ಲಿ ಕಾಣುವ ಕೋಷ್ಟಕಗಳು ಬಹುತೇಕ ಇಂಥ ಮಾನಕಗಳನ್ನೇ ಅನುಸರಿಸುತ್ತವೆ. ಕೋಷ್ಟಕದ ಒಂದು ಸಾಲಿನಲ್ಲಿ ಎರಡು ಬೇರೆ ಬೇರೆ ವಸ್ತುಗಳ ಅಳತೆಗಳು ಒಟ್ಟಿಗೆ ಬರುತ್ತವೆ: ಮೊದಲ ಭಾಗ ಬಳೆಯದ್ದು, ಎರಡನೆಯ ಭಾಗ ಗ್ರೂವಿನದ್ದು. ಹೊಸಬರ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡನ್ನು ಬೆರೆಸುವುದರಿಂದಲೇ ಹುಟ್ಟುತ್ತವೆ.

25 ಮಿ.ಮೀ. ಶಾಫ್ಟಿನ ಸಾಲನ್ನೇ ತೆಗೆದುಕೊಳ್ಳಬಹುದು. ಶಾಫ್ಟಿನ ವ್ಯಾಸ d1 = 25. ಬಳೆಯ ದಪ್ಪ s = 1.2. ಕೈಯಲ್ಲಿ ಹಿಡಿದಾಗ, ಏನೂ ಎಳೆಯದೆ ಬಿಟ್ಟಾಗ, ಬಳೆಯ ಒಳವ್ಯಾಸ d3 = 23.2. ಇಷ್ಟು ಬಳೆಯ ಮಾತು. ಗ್ರೂವಿನ ತಳದ ವ್ಯಾಸ d2 = 23.9, ಗ್ರೂವಿನ ಅಗಲ m = 1.3, ಆಳ t = 0.55, ಗ್ರೂವಿನಿಂದ ಶಾಫ್ಟಿನ ತುದಿಯವರೆಗೆ ಉಳಿಯಬೇಕಾದ ಕನಿಷ್ಠ ಉದ್ದ n = 1.7. ಎಲ್ಲವೂ ಮಿಲಿಮೀಟರಿನಲ್ಲಿ.

ಮೊದಲು ವ್ಯಾಸ. ಬಳೆಯ ಒಳವ್ಯಾಸ 23.2 ಇದ್ದರೆ ಗ್ರೂವಿನ ತಳವೂ 23.2 ಇರಬೇಕಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ವರ್ನಿಯರ್‌ನಲ್ಲಿ ಬಳೆಯನ್ನು ಅಳೆದು ಅದೇ ಅಳತೆಗೆ ಗ್ರೂವ್ ಕೊರೆಯುವವರೂ ಇದ್ದಾರೆ. ಆದರೆ ಕ್ಯಾಟಲಾಗ್ ಬೇಕೆಂದೇ 0.7 ಮಿ.ಮೀ. ವ್ಯತ್ಯಾಸ ಇಟ್ಟಿದೆ. ಗ್ರೂವಿನ ತಳ ಬಳೆಯ ಸಹಜ ವ್ಯಾಸಕ್ಕಿಂತ ದೊಡ್ಡದಾಗಿದ್ದರೆ ಬಳೆ ಅಲ್ಲಿ ಕೂತ ಮೇಲೂ ಸ್ವಲ್ಪ ಅಗಲಿಕೊಂಡೇ ಇರುತ್ತದೆ. ಹಾಗೆ ಅಗಲಿಕೊಂಡದ್ದು ಮತ್ತೆ ಒಳಕ್ಕೆ ಮುದುಡಲು ಹವಣಿಸುತ್ತಾ ಗ್ರೂವಿನ ತಳವನ್ನು ಅಪ್ಪಿಕೊಂಡಿರುತ್ತದೆ. ಶಾಫ್ಟ್ ತಿರುಗುವಾಗ ಬಳೆಯನ್ನು ಹೊರಕ್ಕೆ ಎತ್ತಲು ನೋಡುವ ಕೇಂದ್ರಾಪಗಾಮಿ ಎಳೆತಕ್ಕೆ ಎದುರಾಗಿ ನಿಲ್ಲುವುದು ಈ ಅಪ್ಪುಗೆಯೇ.

ಟಾಲರೆನ್ಸ್‌ಗಳನ್ನು ಕೂಡಿಸಿ ನೋಡಿದರೆ ಈ ಏರ್ಪಾಡು ಎಷ್ಟು ಎಚ್ಚರದಿಂದ ಆಗಿದೆಯೆಂದು ತಿಳಿಯುತ್ತದೆ. 23.9 ಎಂಬ ಗ್ರೂವ್ ವ್ಯಾಸಕ್ಕೆ h12 ಟಾಲರೆನ್ಸ್ ಕೊಟ್ಟಿದ್ದಾರೆ. ಅಂದರೆ ಅದು 23.90 ಮೀರುವಂತಿಲ್ಲ, 23.69ಕ್ಕಿಂತ ಕೆಳಗೆ ಹೋಗುವಂತಿಲ್ಲ. ಬಳೆಯ ಒಳವ್ಯಾಸ 23.2ಕ್ಕೆ ಮೇಲೆ 0.21, ಕೆಳಗೆ 0.42 ಬಿಟ್ಟಿದ್ದಾರೆ. ಆದ್ದರಿಂದ ಅತಿ ದೊಡ್ಡ ಬಳೆಯೂ 23.41 ದಾಟದು. ಅತಿ ಸಡಿಲ ಬಳೆಯನ್ನು ಅತಿ ಆಳದ ಗ್ರೂವಿಗೆ ಹಾಕಿದರೂ 23.69 ಮತ್ತು 23.41ರ ನಡುವೆ 0.28 ಮಿ.ಮೀ. ಬಿಗಿತ ಉಳಿದೇ ಇರುತ್ತದೆ. 23.2ಕ್ಕೆ ಕೊರೆದ ಗ್ರೂವಿನಲ್ಲಿ ಈ ಭರವಸೆ ಇಲ್ಲ. 23.41ರ ಬಳೆ ಅಲ್ಲಿ ಗಿರಗಿರನೆ ತಿರುಗುತ್ತದೆ, ಅದುರುತ್ತದೆ, ಗ್ರೂವಿನ ಗೋಡೆಯನ್ನು ತಿನ್ನುತ್ತದೆ.

ಈ ಟಾಲರೆನ್ಸ್ ಒಂದೇ ದಿಕ್ಕಿಗೆ ಇರುವುದನ್ನು ಗಮನಿಸಬೇಕು. ವ್ಯಾಸ ಸ್ವಲ್ಪ ಕಡಿಮೆಯಾದರೆ ನಡೆಯುತ್ತದೆ, ಹೆಚ್ಚಾದರೆ ನಡೆಯದು. ಗ್ರೂವ್ ಕೊಂಚ ಆಳವಾದರೆ ಅಪ್ಪುಗೆ ಕೊಂಚ ತಗ್ಗುತ್ತದೆ ಅಷ್ಟೇ. ಆಳ ಕಡಿಮೆಯಾದರೆ ಬಳೆ ಒರಗುವ ಗೋಡೆಯೇ ಕುಗ್ಗುತ್ತದೆ. ಲೇತಿನವರು 23.80ರ ಸುತ್ತ ಗುರಿಯಿಟ್ಟರೆ ಎರಡೂ ಅಂಚಿನಿಂದ ದೂರ ಉಳಿದಂತಾಗುತ್ತದೆ.

ಆಳದ ವಿಷಯ ಇಲ್ಲಿಯೇ ಬರುತ್ತದೆ. ಅದು ಸ್ವತಂತ್ರ ಅಳತೆಯಲ್ಲ. ಶಾಫ್ಟಿನ ವ್ಯಾಸ ಮತ್ತು ಗ್ರೂವಿನ ವ್ಯಾಸಗಳಿಂದ ಹೊರಡುವ ಫಲ:

t = (d1 − d2) / 2 = (25 − 23.9) / 2 = 0.55

ಕೋಷ್ಟಕದಲ್ಲಿ t ಎಂಬ ಕಾಲಂ ಇರುವುದು ಓದುವವರ ಅನುಕೂಲಕ್ಕೆ, ಬಲದ ಲೆಕ್ಕಕ್ಕೆ. ಲೇತಿನಲ್ಲಿ ಆ ಅಂಕಿಯನ್ನು ಗುರಿಯಾಗಿಟ್ಟುಕೊಂಡು ಕೊರೆಯಬಾರದು, ನಕ್ಷೆಯಲ್ಲೂ ಅದನ್ನೇ ಬರೆಯಬಾರದು. ನಕ್ಷೆಯಲ್ಲಿ ವ್ಯಾಸ ಬರೆಯಬೇಕು. ಹೀಗೆ ಹಟ ಹಿಡಿಯಲು ಬಲವಾದ ಕಾರಣವಿದೆ.

ಬೇರಿಂಗ್ ಕೂರುವ ಶಾಫ್ಟುಗಳನ್ನು ಸಾಮಾನ್ಯವಾಗಿ ಲೇತಿನಲ್ಲಿ ಸ್ವಲ್ಪ ದಪ್ಪ ಉಳಿಸಿ, ಆಮೇಲೆ ಗ್ರೈಂಡಿಂಗ್‌ನಲ್ಲಿ ನಿಖರ ಅಳತೆಗೆ ತರುತ್ತಾರೆ. ಗ್ರೂವ್ ಮಾತ್ರ ಲೇತಿನಲ್ಲಿಯೇ ಮುಗಿದಿರುತ್ತದೆ. 25 ಮಿ.ಮೀ.ಗೆ ಬರಬೇಕಾದ ಶಾಫ್ಟ್ ಲೇತಿನ ಮೇಲೆ 25.3 ಇದೆ ಎಂದುಕೊಳ್ಳೋಣ. ಕೆಲಸಗಾರ ಟೂಲನ್ನು ಶಾಫ್ಟಿನ ಮೇಲ್ಮೈಗೆ ತಾಗಿಸಿ, ಅಲ್ಲಿಂದ 0.55 ಒಳಕ್ಕೆ ಬಿಡುತ್ತಾನೆ. ಆಳ ಕ್ಯಾಟಲಾಗಿನದ್ದೇ. ಆದರೆ ಗ್ರೂವಿನ ವ್ಯಾಸ 25.3ರಿಂದ 1.1 ಕಳೆದು 24.2 ಆಯಿತು. ಗ್ರೈಂಡಿಂಗ್ ಮುಗಿದು ಶಾಫ್ಟ್ 25ಕ್ಕೆ ಇಳಿದಾಗ ಗ್ರೂವಿನಲ್ಲಿ ಉಳಿಯುವ ಆಳ 0.40 ಮಾತ್ರ. 0.15ರ ಈ ಕೊರತೆ ಕಣ್ಣಿಗೆ ಕಾಣದು. ಬಳೆಯೂ ಸಲೀಸಾಗಿ ಕೂರುತ್ತದೆ. ಗ್ರೂವ್ ದೊಡ್ಡದಾದ್ದರಿಂದ ಇನ್ನೂ ಬಿಗಿಯಾಗಿಯೇ ಕೂರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ನಕ್ಷೆಯಲ್ಲಿ 23.9 ಎಂದು ವ್ಯಾಸವನ್ನೇ ಬರೆದಿದ್ದರೆ ಮೇಲ್ಮೈ ಎಷ್ಟಿದ್ದರೂ ಗ್ರೂವ್ ಸರಿಯಾಗಿಯೇ ಬರುತ್ತಿತ್ತು.

ಆ 0.15ರ ಬೆಲೆ ಎಷ್ಟೆಂದು ತಿಳಿಯಲು ಬಲ ಹರಿಯುವ ದಾರಿಯನ್ನು ನೋಡಬೇಕು. ಬೇರಿಂಗ್ ಹೊರಕ್ಕೆ ತಳ್ಳಿದಾಗ ಅದು ಬಳೆಯನ್ನು ತಳ್ಳುತ್ತದೆ. ಬಳೆ ಗ್ರೂವಿನ ಹೊರಗೋಡೆಗೆ, ಅಂದರೆ ಶಾಫ್ಟಿನ ತುದಿಯ ಕಡೆಗಿರುವ ಗೋಡೆಗೆ, ಒರಗುತ್ತದೆ. ಅಷ್ಟೂ ಭಾರವನ್ನು ಹೊರುವುದು ಆ ಗೋಡೆಯ ಕಿರಿದಾದ ಉಂಗುರದಾಕಾರದ ಮುಖ. ಅದರ ವಿಸ್ತೀರ್ಣ ಎರಡು ವೃತ್ತಗಳ ವ್ಯತ್ಯಾಸ:

A = π/4 × (25² − 23.9²) ≈ 42.2 ಚ.ಮಿ.ಮೀ.

ಕ್ಯಾಟಲಾಗ್ ಈ ಗ್ರೂವಿಗೆ 7.05 ಕಿಲೋನ್ಯೂಟನ್, ಅಂದರೆ ಸುಮಾರು 720 ಕಿಲೋ ತೂಕದಷ್ಟು ತಳ್ಳುವಿಕೆ ತಡೆಯುವ ಶಕ್ತಿ ಕೊಡುತ್ತದೆ. ಈ ಅಂಕಿ ಎಲ್ಲಿಂದ ಬಂತೆಂದು ಲೆಕ್ಕ ಹಾಕಿ ನೋಡಬಹುದು. ಶಾಫ್ಟಿನ ಉಕ್ಕು ಶಾಶ್ವತವಾಗಿ ಬಾಗಲು ತೊಡಗುವ ಒತ್ತಡ ಪ್ರತಿ ಚದರ ಮಿಲಿಮೀಟರಿಗೆ 200 ನ್ಯೂಟನ್ ಎಂದು ಹಿಡಿದಿದ್ದಾರೆ. ಅದನ್ನು 42.2ರಿಂದ ಗುಣಿಸಿ, ಗ್ರೂವಿನ ಅಂಚಿನ ಮೇಲೆ ಒತ್ತಡ ಸಮನಾಗಿ ಹರಡುವುದಿಲ್ಲ ಎಂಬ ಕಾರಣಕ್ಕೆ 1.2ರಿಂದ ಭಾಗಿಸಿದರೆ 7 ಕಿಲೋನ್ಯೂಟನ್‌ಗೆ ತೀರ ಹತ್ತಿರ ಬರುತ್ತದೆ. ಶಾಫ್ಟಿಗೆ ಇದರ ಎರಡರಷ್ಟು ಗಟ್ಟಿಯ ಉಕ್ಕು ಬಳಸಿದರೆ ಗ್ರೂವಿನ ಶಕ್ತಿಯೂ ಎರಡರಷ್ಟಾಗುತ್ತದೆ. ಅದೇ ಸಾಲಿನಲ್ಲಿ ಬಳೆಯ ಸ್ವಂತ ಶಕ್ತಿ 16.2 ಕಿಲೋನ್ಯೂಟನ್ ಎಂದಿದೆ. ಮೆತ್ತನೆಯ ಉಕ್ಕಿನ ಶಾಫ್ಟಿನಲ್ಲಿ ಮೊದಲು ಸೋಲುವುದು ಬಳೆಯಲ್ಲ, ಗ್ರೂವ್. ಮಾರುಕಟ್ಟೆಯಲ್ಲಿ ಒಳ್ಳೆಯ ಬಳೆ ಹುಡುಕುವಷ್ಟು ಶ್ರಮವನ್ನು ಗ್ರೂವಿನ ಮೇಲೆ ಹಾಕದಿರುವುದು ಇದರಿಂದಲೇ ತಪ್ಪು ಲೆಕ್ಕ.

ಗ್ರೈಂಡಿಂಗ್ ತಪ್ಪಿಗೆ ಸಿಕ್ಕ ಶಾಫ್ಟಿಗೆ ಇದೇ ಲೆಕ್ಕ ಹಾಕಿದರೆ, 24.2ರ ಗ್ರೂವಿನಲ್ಲಿ ಗೋಡೆಯ ವಿಸ್ತೀರ್ಣ 30.9 ಚ.ಮಿ.ಮೀ. ಉಳಿಯುತ್ತದೆ. ಕಾಲು ಭಾಗಕ್ಕಿಂತ ಹೆಚ್ಚು ಕಡಿತ. 7.05 ಇದ್ದದ್ದು ಸುಮಾರು 5.1 ಕಿಲೋನ್ಯೂಟನ್‌ಗೆ ಇಳಿಯುತ್ತದೆ. ಯಂತ್ರ ಹಗುರ ಕೆಲಸದ್ದಾದರೆ ವರ್ಷಗಟ್ಟಲೆ ಏನೂ ಆಗದೆ ನಡೆಯಬಹುದು. ಒಂದು ದಿನ ಜೋರಾದ ಪೆಟ್ಟು ಬಿದ್ದಾಗ ಗೋಡೆಯ ಅಂಚು ಮಡಿಚಿಕೊಂಡು ಬಳೆ ಹೊರಗೆ ಜಾರುತ್ತದೆ.

ಬಲದ ವಿಷಯದಲ್ಲಿ ಇನ್ನೊಂದು ಷರತ್ತು ಕೋಷ್ಟಕದ ಒಳಗೇ ಅಡಗಿದೆ. ಬಳೆಯ 16.2 ಎಂಬ ಅಂಕಿ ಅದಕ್ಕೆ ಒರಗುವ ಭಾಗದ ಅಂಚು ಚೂಪಾಗಿ, ಚೌಕವಾಗಿ ಇದ್ದಾಗಿನದ್ದು. ಬೇರಿಂಗಿನ ಒಳಮೂಲೆ ಗುಂಡಗಿರುತ್ತದೆ. ಹಾಗಾಗಿ ಅದು ಬಳೆಯನ್ನು ಶಾಫ್ಟಿಗೆ ತಾಗಿದಂತೆ ತಳ್ಳದೆ, ಸ್ವಲ್ಪ ಹೊರಗಡೆ ತಳ್ಳುತ್ತದೆ. ಬಳೆ ತಟ್ಟೆಯಂತೆ ಬಾಗಲು ನೋಡುತ್ತದೆ. ಇಂಥ ಸಂದರ್ಭಕ್ಕೆ ಕ್ಯಾಟಲಾಗಿನಲ್ಲಿ ಬೇರೆಯೇ ಕಾಲಂ ಇದ್ದು, ಅಲ್ಲಿನ ಅಂಕಿ ತೀರ ಕಡಿಮೆ. ಭಾರ ಹೆಚ್ಚಿದ್ದಲ್ಲಿ ಬೇರಿಂಗಿಗೂ ಬಳೆಗೂ ನಡುವೆ ಚೌಕ ಅಂಚಿನ ಗಟ್ಟಿ ವಾಷರ್ ಒಂದನ್ನು ಹಾಕುವುದುಂಟು. ಆಗ ಅದರ ದಪ್ಪವನ್ನೂ ಮುಂದಿನ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಅಗಲ. ಬಳೆಯ ದಪ್ಪ 1.2, ಗ್ರೂವಿನ ಅಗಲ 1.3. ಇಲ್ಲಿಯೂ ಟಾಲರೆನ್ಸ್‌ಗಳು ಒಂದೊಂದೇ ದಿಕ್ಕಿಗೆ ಹೋಗುತ್ತವೆ, ಆದರೆ ಪರಸ್ಪರ ದೂರಕ್ಕೆ. ಬಳೆ 1.20 ಮೀರುವುದಿಲ್ಲ, 1.14ರವರೆಗೆ ತೆಳುವಾಗಿರಬಹುದು. ಗ್ರೂವಿನ ಅಗಲಕ್ಕೆ H13 ಎಂದಿರುವುದರಿಂದ ಅದು 1.30ಕ್ಕಿಂತ ಕಿರಿದಾಗುವಂತಿಲ್ಲ, 1.44ರವರೆಗೆ ಅಗಲವಾಗಬಹುದು. ಬಳೆಗೆ ಆಡಲು ಕನಿಷ್ಠ 0.10, ಗರಿಷ್ಠ 0.30 ಮಿ.ಮೀ. ಜಾಗ ಸಿಗುತ್ತದೆ. ಪ್ಲೈಯರ್‌ನಿಂದ ಬಿಟ್ಟ ಬಳೆ ಕೊಂಚ ಓರೆಯಾಗಿಯೇ ಗ್ರೂವಿನ ಬಾಯಿಗೆ ಬರುವುದರಿಂದ ಈ ಜಾಗ ಬೇಕು. ಬಳೆಯನ್ನು ಅಳೆದು 1.2ಕ್ಕೇ ಟೂಲ್ ಮಸೆದು ಗ್ರೂವ್ ಕೊರೆದರೆ, ಅಂಚಿನಲ್ಲಿ ಒಂದು ಸಣ್ಣ ಬರ್ ಉಳಿದರೂ ಸಾಕು, ಬಳೆ ಅರ್ಧ ಇಳಿದು ನಿಲ್ಲುತ್ತದೆ. 1.3 ಮಿ.ಮೀ. ಅಗಲದ ಗ್ರೂವಿಂಗ್ ಇನ್ಸರ್ಟ್‌ಗಳು ಈ ಕೆಲಸಕ್ಕೆಂದೇ ಸಿಗುತ್ತವೆ. ಅವುಗಳಿಂದ ನೇರ ಒಳಕ್ಕೆ ಹೋಗಿ ನೇರ ಹೊರಗೆ ಬಂದರೆ ಅಗಲ ತಾನಾಗಿ ಮಿತಿಯೊಳಗೆ ಬರುತ್ತದೆ.

ಭಾರ ಒಂದೇ ಕಡೆಯಿಂದ ಬರುವಲ್ಲಿ ಗ್ರೂವ್ ಒಳಬದಿಗೆ ಸ್ವಲ್ಪ ಹೆಚ್ಚು ಅಗಲವಾದರೂ ಹಿಡಿತಕ್ಕೆ ಕುಂದಿಲ್ಲ. ಕೆಲಸ ಮಾಡುವುದು ಹೊರಗೋಡೆ ಒಂದೇ. ತಳ್ಳುವಿಕೆ ಎರಡೂ ಕಡೆಗೆ ಬದಲಾಗುತ್ತಿದ್ದರೆ ಮಾತ್ರ ಅಗಲವಾದ ಗ್ರೂವಿನಲ್ಲಿ ಬಳೆ ಅತ್ತಿತ್ತ ಬಡಿಯುತ್ತದೆ. ಗ್ರೂವಿನ ತಳದ ಮೂಲೆಗೂ ಒಂದು ಮಿತಿಯಿದೆ. ಭಾರ ಹೊರುವ ಕಡೆಯ ಮೂಲೆಯ ಗುಂಡು ಬಳೆಯ ದಪ್ಪದ ಹತ್ತನೇ ಒಂದು ಭಾಗ, ಅಂದರೆ ಇಲ್ಲಿ 0.12 ಮಿ.ಮೀ. ಮೀರಬಾರದು. ಮೊನೆ ಸವೆದ ಟೂಲಿನಿಂದ ಕೊರೆದಾಗ ಮೂಲೆ ಗುಂಡಗಾಗಿ, ಬಳೆಯ ಅಂಚು ಅದರ ಮೇಲೆ ಹತ್ತಿ ಕೂರುತ್ತದೆ. ಹಾಗೆಂದು ಚೂಪು ಮೂಲೆಗೆ ಬೆಲೆ ಇಲ್ಲದಿಲ್ಲ. ಬಾಗುವಿಕೆ ತಡೆಯಬೇಕಾದ ಶಾಫ್ಟಿನಲ್ಲಿ ಬಿರುಕು ಹುಟ್ಟುವುದು ಇಂಥ ಕಡೆಯಿಂದಲೇ. ಸರ್ಕ್ಲಿಪ್ ಗ್ರೂವನ್ನು ಬಾಗುವ ಒತ್ತಡ ಕಡಿಮೆ ಇರುವ ಶಾಫ್ಟಿನ ತುದಿಯ ಹತ್ತಿರ ಇಡುವುದು ಅದಕ್ಕೇ.

ಈಗ ಮೂರು ಅಳತೆಗಳೂ ಸಿಕ್ಕವು. ಗ್ರೂವ್ ಎಲ್ಲಿ ಬರಬೇಕು ಎಂಬುದನ್ನು ಮಾತ್ರ ಕ್ಯಾಟಲಾಗ್ ಹೇಳುವುದಿಲ್ಲ. ಅದನ್ನು ಜೋಡಣೆಯಿಂದಲೇ ಲೆಕ್ಕ ಹಾಕಬೇಕು. ಎಲ್ಲ ಅಂಗಡಿಯಲ್ಲೂ ಸಿಗುವ 6205 ಬೇರಿಂಗನ್ನು ಇದೇ 25ರ ಶಾಫ್ಟಿಗೆ ಹಾಕುವುದೆಂದಿಟ್ಟುಕೊಳ್ಳೋಣ. ಅದರ ಅಗಲ 15 ಮಿ.ಮೀ. ಒಂದು ಕಡೆ ಬೇರಿಂಗ್ ಶಾಫ್ಟಿನ ಸ್ಟೆಪ್ಪಿಗೆ ಒರಗಿದೆ, ಇನ್ನೊಂದು ಕಡೆ ಸರ್ಕ್ಲಿಪ್.

ಭಾರ ಹೊರುವುದು ಹೊರಗೋಡೆಯಾದ್ದರಿಂದ ಸ್ಟೆಪ್ಪಿನಿಂದ ಆ ಗೋಡೆಗೇ ಅಳತೆ ಕೊಡಬೇಕು. ಒಳಗೋಡೆಗೆ ಅಳತೆ ಕೊಟ್ಟರೆ ಗ್ರೂವಿನ ಅಗಲದ 0.14 ವ್ಯತ್ಯಾಸವೂ ಬೇರಿಂಗಿನ ಸಡಿಲಕ್ಕೆ ಸೇರಿಕೊಳ್ಳುತ್ತದೆ. ಅತಿ ಅಗಲದ ಬೇರಿಂಗ್ 15.00, ಅತಿ ದಪ್ಪದ ಬಳೆ 1.20, ಒಟ್ಟು 16.20. ಹೊರಗೋಡೆ ಇದಕ್ಕಿಂತ ಒಳಗೆ ಬಂದರೆ ಬಳೆ ಗ್ರೂವಿಗೆ ಇಳಿಯದ ಜೋಡಣೆಯೂ ಎಂದಾದರೂ ಎದುರಾಗುತ್ತದೆ. ಲೇತಿನ ಕೆಲಸಕ್ಕೆ 0.1 ಬಿಟ್ಟುಕೊಟ್ಟು 16.20ರಿಂದ 16.30 ಎಂದು ಬರೆಯಬಹುದು.

ಆಗ ಅತಿ ಹೆಚ್ಚಿನ ಸಡಿಲ ಎಷ್ಟು? ಸಾಮಾನ್ಯ ದರ್ಜೆಯ ಈ ಬೇರಿಂಗಿನ ಅಗಲ 0.12ರಷ್ಟು ಕಡಿಮೆ ಇರಬಹುದು, ಅಂದರೆ 14.88. ಬಳೆ 1.14 ಇರಬಹುದು. ಎರಡೂ ಸೇರಿ 16.02. ಹೊರಗೋಡೆ 16.30ರಲ್ಲಿದ್ದರೆ ಬೇರಿಂಗ್ 0.28 ಮಿ.ಮೀ. ಆಡುತ್ತದೆ. ಸಾಧಾರಣ ಪುಲ್ಲಿಗೆ, ರೋಲರಿಗೆ ಇದು ತೊಂದರೆಯಲ್ಲ. ಶಾಫ್ಟಿನ ಸ್ಥಾನ ಕರಾರುವಾಕ್ಕಾಗಿ ಇರಬೇಕಾದ ಗೇರ್‌ಬಾಕ್ಸಿನಂಥ ಕಡೆ, ಸಡಿಲವನ್ನು ಅಳೆದು ಅಷ್ಟೇ ದಪ್ಪದ ಶಿಮ್ ಹಾಕಿ ತುಂಬುತ್ತಾರೆ. ಸಡಿಲ ಬೇಡವೆಂದು 16.20 ಅನ್ನೇ 16.05ಕ್ಕೆ ಇಳಿಸುವುದು ಪರಿಹಾರವಲ್ಲ. ಆಗ ಕೆಲವು ಬೇರಿಂಗ್‌ಗಳಿಗೆ ಬಳೆ ಕೂರುವುದೇ ಇಲ್ಲ.

ಹೊರಗೋಡೆಯಾಚೆ ಉಳಿಯುವ ಶಾಫ್ಟಿನ ಉದ್ದ n ಕನಿಷ್ಠ 1.7. ಇದು ಹೆಚ್ಚುಕಡಿಮೆ ಆಳದ ಮೂರು ಪಟ್ಟು: 0.55 × 3 = 1.65. ಮೇಲಿನ ಬಲದ ಲೆಕ್ಕದಲ್ಲಿ 1.2ರಿಂದ ಭಾಗಿಸಿದ್ದು ಈ ಮೂರು ಪಟ್ಟು ಇದೆಯೆಂದು ನಂಬಿಯೇ. ಅದಕ್ಕಿಂತ ತೆಳುವಾದರೆ ಗೋಡೆ ಹಿಂದಕ್ಕೆ ಬಾಗುತ್ತದೆ, ಇಲ್ಲವೇ ಉಂಗುರದಂತೆ ಕಿತ್ತು ಬರುತ್ತದೆ. ಹೊರಗೋಡೆ 16.30ರವರೆಗೂ ಹೋಗಬಹುದಾದ್ದರಿಂದ ಸ್ಟೆಪ್ಪಿನಿಂದ ಶಾಫ್ಟಿನ ತುದಿಗೆ ಕನಿಷ್ಠ 18 ಮಿ.ಮೀ. ಬೇಕು. ತುದಿಗೆ ಚಾಂಫರ್ ಹೊಡೆಯುವುದಾದರೆ ಅದರಷ್ಟು ಉದ್ದ ಬೇರೆ. ಹಾಗಾಗಿ ಶಾಫ್ಟಿನ ಉದ್ದವನ್ನು ಗ್ರೂವಿನ ಲೆಕ್ಕ ಮುಗಿದ ಮೇಲೆ ನಿರ್ಧರಿಸುವುದು ಒಳ್ಳೆಯದು. ಹಿಂದುಮುಂದಾಗಿ ಮಾಡಿದವರು ಕೊನೆಗೆ ತುದಿಯಲ್ಲಿ ಒಂದು ಮಿಲಿಮೀಟರಿಗೂ ಜಾಗವಿಲ್ಲದೆ ಪೇಚಾಡುತ್ತಾರೆ.

ಕೊರೆದ ಗ್ರೂವನ್ನು ಅಳೆಯುವುದು ಕೊರೆಯುವುದಕ್ಕಿಂತ ತ್ರಾಸದ ಕೆಲಸ. ಸಾಮಾನ್ಯ ಮೈಕ್ರೋಮೀಟರಿನ ಮುಖ 1.3ರ ಸೀಳಿನೊಳಗೆ ಹೋಗದು. ತೆಳು ಅಲಗಿನ ಬ್ಲೇಡ್ ಮೈಕ್ರೋಮೀಟರ್ ಇದಕ್ಕೆಂದೇ ಇದೆ. ಅದು ಇಲ್ಲದಿದ್ದರೆ ವರ್ನಿಯರ್‌ನ ದವಡೆಯ ತೆಳುವಾದ ಭಾಗದಿಂದ ಅಳೆಯಬಹುದು, ಆದರೆ ದವಡೆ ಗ್ರೂವಿನ ತಳಕ್ಕೇ ತಾಗಿದೆಯೆಂದು ಖಾತ್ರಿಪಡಿಸಿಕೊಳ್ಳಬೇಕು. ಓರೆಯಾಗಿ ಗೋಡೆಯ ಮೇಲೆ ನಿಂತರೆ ವ್ಯಾಸ ಹೆಚ್ಚಾಗಿ ಕಾಣುತ್ತದೆ. ಅಗಲಕ್ಕೆ 1.30ರ ಸ್ಲಿಪ್ ಗೇಜ್ ಹೋಗಬೇಕು, 1.44 ಮೀರಿದ್ದು ಹೋಗಬಾರದು.

ಬಳೆ ನಿಜವಾಗಿ ತಳಕ್ಕೆ ಕೂತಿದೆಯೇ ಎಂಬುದನ್ನು ಅದರ ಬಾಯಿಯೇ ಹೇಳುತ್ತದೆ. ವ್ಯಾಸ ಒಂದು ಮಿಲಿಮೀಟರ್ ಹೆಚ್ಚಿದರೆ ಸುತ್ತಳತೆ ಸುಮಾರು 3.14 ಹೆಚ್ಚುತ್ತದೆ. ಆ ಹೆಚ್ಚಳವೆಲ್ಲ ಕಿವಿಗಳ ನಡುವಿನ ಸಂದಿನಲ್ಲೇ ಕಾಣಬೇಕು. ಬಳೆ 23.9ರ ತಳಕ್ಕೆ ಇಳಿಯದೆ 25ರ ಮೇಲ್ಮೈ ಮೇಲೆಯೇ ನಿಂತಿದ್ದರೆ ಸಂದು ಸುಮಾರು 3.5 ಮಿ.ಮೀ. ಹೆಚ್ಚು ಅಗಲವಾಗಿರುತ್ತದೆ. ಗ್ರೈಂಡಿಂಗ್ ತಪ್ಪಿನ 24.2ರ ಗ್ರೂವಿನಲ್ಲಿಯೂ ಅದು 0.9ರಷ್ಟು ಹೆಚ್ಚಿರುತ್ತದೆ. ಅಳತೆ ಸರಿಯಿರುವ ಒಂದು ಗ್ರೂವಿಗೆ ಬಳೆ ಹಾಕಿ ಸಂದನ್ನು ಅಳೆದಿಟ್ಟುಕೊಂಡು, ಅದೇ ಬಳೆಯನ್ನು ಹೊಸ ಶಾಫ್ಟಿಗೆ ಹಾಕಿ ಹೋಲಿಸಿದರೆ ಕಣ್ಣಿಗೆ ಕಾಣದ 0.15ರ ತಪ್ಪೂ ಸಂದಿನಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಬಳೆಯನ್ನು ಶಾಫ್ಟ್ ದಾಟಲು ಬೇಕಾದ್ದಕ್ಕಿಂತ ಹೆಚ್ಚು ಅಗಲಿಸಿದ್ದರೆ ಈ ಹೋಲಿಕೆ ಕೆಡುತ್ತದೆ. ಅತಿಯಾಗಿ ಎಳೆದ ಬಳೆ ಮತ್ತೆ ಮೊದಲಿನ ವ್ಯಾಸಕ್ಕೆ ಮರಳುವುದಿಲ್ಲ. ಅಂಥದ್ದನ್ನು ಗ್ರೂವಿಗೆ ಹಾಕದೆ ಬಿಸಾಡಬೇಕು.

ಯಂತ್ರದಲ್ಲಿ ಸರ್ಕ್ಲಿಪ್ ಹಾರಿಹೋದಾಗ ಹೊಸದನ್ನು ಹಾಕಿ ಮುಚ್ಚುವುದು ಎಲ್ಲರೂ ಮಾಡುವ ಕೆಲಸ. ಅದಕ್ಕೆ ಮೊದಲು ಗ್ರೂವಿನ ಹೊರಗೋಡೆಯ ಮೇಲಂಚನ್ನು ಉಗುರಿನಿಂದ ತಡವಿ ನೋಡಬೇಕು. ಅಂಚು ಚೂಪಾಗಿ ಉಗುರಿಗೆ ಸಿಕ್ಕಿದರೆ ದೋಷ ಬಳೆಯಲ್ಲೋ ಹಾಕಿದ ರೀತಿಯಲ್ಲೋ ಇದೆ. ಅಂಚು ಇಳಿಜಾರಾಗಿ ಮಡಿಚಿಕೊಂಡಿದ್ದರೆ ಗ್ರೂವ್ ಸೋತಿದೆ, ಅದಕ್ಕೆ ಹಾಕುವ ಯಾವ ಬಳೆಯೂ ಓರೆಯಾಗಿ ಕೂತು ಅದೇ ದಾರಿ ಹಿಡಿಯುತ್ತದೆ. ತುದಿಯಲ್ಲಿ ಉದ್ದವಿದ್ದರೆ ಹೊರಗೋಡೆಯನ್ನು ಮತ್ತೆ ಚೌಕವಾಗುವಷ್ಟು ಕೊರೆದು, ಸರಿದ ಅಂತರವನ್ನು ಶಿಮ್‌ನಿಂದ ತುಂಬಬಹುದು. ಕೊರೆದ ಮೇಲೆ 1.7 ಮಿ.ಮೀ. ಉಳಿಯುವುದಿಲ್ಲವೆಂದಾದರೆ ಆ ಶಾಫ್ಟನ್ನು ಬದಲಿಸಲೇಬೇಕು.